ಕಟಾಂಜನದ ಸರಳು ಕೆಟ್ಟಿದ್ದರೆ: ಅಂಕಣ ಅಂಕಣವಾಗಿ ಇನ್‌ಪೇಂಟಿಂಗ್ ಮಾಡುವ ಬಗೆ

ಚಿತ್ರ ರಚಿಸುವ ಎಐ ತಂತ್ರಾಂಶದಿಂದ ಮಲೆನಾಡಿನ ಮನೆಯೊಂದನ್ನು ಬರೆಸಿ ನೋಡಿದವರಿಗೆಲ್ಲ ಈ ತೊಂದರೆ ಎದುರಾಗಿರುತ್ತದೆ. ಹೆಂಚಿನ ಮಾಡು, ಮಳೆಗೆ ನೆನೆದ ಅಂಗಳ, ಹಿಂದಿನ ಅಡಿಕೆ ತೋಟ ಎಲ್ಲವೂ ಚೆನ್ನಾಗಿ ಬಂದಿರುತ್ತವೆ. ಮಹಡಿಯ ಮರದ ಕಟಾಂಜನದ ಹತ್ತಿರ ಕಣ್ಣು ಒಯ್ದರೆ ಮಾತ್ರ ಒಂದೊಂದೇ ದೋಷ ಕಾಣತೊಡಗುತ್ತದೆ. ಎರಡು ಸರಳುಗಳು ನಡುವೆ ಕೂಡಿಕೊಂಡು ಒಂದಾಗಿರುತ್ತವೆ. ಇನ್ನೊಂದು ಸರಳು ಕೆಳಗಿನ ಅಡ್ಡಪಟ್ಟಿಯನ್ನು ಮುಟ್ಟುವ ಮೊದಲೇ ಕರಗಿಹೋಗಿರುತ್ತದೆ. ಎಡಗಡೆ ಒತ್ತೊತ್ತಾಗಿರುವ ಸರಳುಗಳು ಬಲಕ್ಕೆ ಹೋದಂತೆ ಕಾರಣವಿಲ್ಲದೆ ವಿರಳವಾಗಿರುತ್ತವೆ. ಇಂಥ ಮನೆಯಲ್ಲೇ ಹುಟ್ಟಿ ಬೆಳೆದವರ ಕಣ್ಣಿಗೆ ಇದು ತಪ್ಪಿಸಿಕೊಳ್ಳುವುದಿಲ್ಲ. ಜಗಲಿಯಲ್ಲಿ ಕೂತು ವರ್ಷಗಟ್ಟಲೆ ಆ ಸರಳುಗಳನ್ನು ನೋಡಿದವರು ಅವರು.

ಇಡೀ ಚಿತ್ರವನ್ನು ಮತ್ತೆ ಮತ್ತೆ ಬರೆಸುವುದರಿಂದ ಇದು ಸರಿಹೋಗುವುದಿಲ್ಲ. ಕಟಾಂಜನವನ್ನು ಪೂರ್ತಿ ಮಾಸ್ಕ್ ಮಾಡಿ, ಎಂದರೆ ಬದಲಾಗಬೇಕಾದ ಜಾಗವೆಂದು ಗುರುತು ಹಾಕಿ, ಆ ಜಾಗವನ್ನಷ್ಟೇ ಮತ್ತೆ ಬರೆಸುವಂತೆ ಒಂದೇ ಬಾರಿಗೆ ಇನ್‌ಪೇಂಟ್ ಮಾಡಿದರೂ ಹಳೆಯ ದೋಷ ಹೋಗಿ ಹೊಸ ದೋಷ ಬರುತ್ತದೆ, ಅಷ್ಟೇ. ದಾರಿ ಬೇರೆಯದಿದೆ. ಸರಳು ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು ಎಂಬುದನ್ನು ನಾವೇ ಗೆರೆ ಎಳೆದು ತೀರ್ಮಾನಿಸಬೇಕು. ಮರದ ಮೈ, ಬೆಳಕು, ನೆರಳು ಇವಷ್ಟನ್ನೇ ಯಂತ್ರಕ್ಕೆ ಬಿಡಬೇಕು. ಅದನ್ನೂ ಒಂದು ಕಂಬದಿಂದ ಇನ್ನೊಂದು ಕಂಬದವರೆಗಿನ ಅಂಕಣವನ್ನೇ ಅಳತೆಯಾಗಿ ಹಿಡಿದು, ಚಿಕ್ಕ ಚಿಕ್ಕ ತುಂಡುಗಳಲ್ಲಿ ಮಾಡಬೇಕು.

ಸರಳುಗಳೇ ಏಕೆ ಕೆಡುತ್ತವೆ

ಚಿತ್ರ ರಚಿಸುವ ಎಐ ಮಾದರಿಗಳಾದ ಸ್ಟೇಬಲ್ ಡಿಫ್ಯೂಷನ್ 1.5 ಆಗಲಿ ಎಸ್‌ಡಿಎಕ್ಸ್‌ಎಲ್ ಆಗಲಿ, ಚಿತ್ರವನ್ನು ನೇರವಾಗಿ ಪಿಕ್ಸೆಲ್‌ಗಳಲ್ಲಿ ಬರೆಯುವುದಿಲ್ಲ. ಉದ್ದಕ್ಕೂ ಅಗಲಕ್ಕೂ ಎಂಟೆಂಟು ಪಟ್ಟು ಕುಗ್ಗಿಸಿದ ಒಂದು ಒಳಚಿತ್ರದಲ್ಲಿ ಕೆಲಸ ಮುಗಿಸಿ, ಕೊನೆಯಲ್ಲಿ ಅದನ್ನು ಹಿಗ್ಗಿಸುತ್ತವೆ. ನಮ್ಮ ಚಿತ್ರದ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಒಂದು ಚೌಕ ಅಲ್ಲಿ ಒಂದೇ ಒಂದು ಮನೆ. ಸರಳು ಮತ್ತು ಅದರ ಪಕ್ಕದ ಸಂದು ಎರಡೂ ಸೇರಿ ಹದಿನಾರೋ ಇಪ್ಪತ್ತೋ ಪಿಕ್ಸೆಲ್ ಇದ್ದರೆ, ಯಂತ್ರದ ಕೈಯಲ್ಲಿ ಅದಕ್ಕೆ ಇರುವುದು ಎರಡೋ ಎರಡೂವರೆಯೋ ಮನೆ ಮಾತ್ರ. ಸರಳು ಎಲ್ಲಿ ಮುಗಿಯಿತು, ಸಂದು ಎಲ್ಲಿ ಶುರುವಾಯಿತು ಎಂದು ಹೇಳಲು ಅಷ್ಟು ಸಾಲದು. ಅದರ ಮೇಲೆ, ಈ ಮಾದರಿಗಳಿಗೆ ಎಣಿಸಲು ಬರುವುದಿಲ್ಲ. 'ಇಲ್ಲಿ ಸರಳುಗಳ ಸಾಲು ಇದೆ' ಎಂಬ ಮಟ್ಟಿಗೆ ಅವಕ್ಕೆ ಗೊತ್ತೇ ಹೊರತು 'ಇಲ್ಲಿ ಏಳು ಸರಳು' ಎಂದು ಗೊತ್ತಿರುವುದಿಲ್ಲ.

ಆದ್ದರಿಂದ ಎರಡು ಕೊರತೆಗಳನ್ನು ಬೇರೆ ಬೇರೆಯಾಗಿ ತುಂಬಬೇಕು. ಜಾಗದ ಕೊರತೆಯನ್ನು ಚಿಕ್ಕ ತುಂಡನ್ನು ದೊಡ್ಡದಾಗಿ ಬರೆಸಿ ತುಂಬಬೇಕು. ಎಣಿಕೆಯ ಕೊರತೆಯನ್ನು ಕೈಯಾರೆ ಎಳೆದ ಗೆರೆ ತುಂಬಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಒಂದು ಚಿತ್ರ ಹಿಡಿದು ನೋಡೋಣ

ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಯ ಕ್ಯಾಲೆಂಡರಿಗೆ ಚಿತ್ರ ಬೇಕಿದೆ ಎಂದುಕೊಳ್ಳಿ. ಎಸ್‌ಡಿಎಕ್ಸ್‌ಎಲ್‌ನಲ್ಲಿ 1216×832 ಅಳತೆಯಲ್ಲಿ ಬರೆಸಿದ ಎರಡಂತಸ್ತಿನ ಮನೆ. ಕೆಳಗೆ ಜಗಲಿಯ ಕಂಬಸಾಲು, ಮೇಲೆ ಮೂರು ಅಂಕಣಗಳ ಕಟಾಂಜನ. ಮನೆಯನ್ನು ಸ್ವಲ್ಪ ಓರೆಯಿಂದ ನೋಡಿದಂತಿದೆ; ಹಾಗಾಗಿ ಬಲಕ್ಕೆ ಹೋದಂತೆ ಎಲ್ಲವೂ ಕೊಂಚ ಕಿರಿದಾಗುತ್ತವೆ. ನಡುವಣ ಅಂಕಣದ ಅಗಲ ಸುಮಾರು 160 ಪಿಕ್ಸೆಲ್.

ಮೊದಲ ಕೆಲಸ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸುವುದು. ಮಾಮೂಲಿ ಅಪ್‌ಸ್ಕೇಲರ್ ಸಾಕು. ಅನೇಕರು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಅಲ್ಲೇ ಎಡವುತ್ತಾರೆ. ಇನ್‌ಪೇಂಟ್ ಮಾಡುವಾಗ ತುಂಡು ಎಷ್ಟೇ ದೊಡ್ಡದಾಗಿ, ಸ್ಪಷ್ಟವಾಗಿ ಮೂಡಿದರೂ ಅದನ್ನು ಮೂಲ ಚಿತ್ರದ ಅಳತೆಗೆ ಕುಗ್ಗಿಸಿಯೇ ಮತ್ತೆ ಅಂಟಿಸಲಾಗುತ್ತದೆ. ಮೂಲದಲ್ಲಿ ಒಂದು ಸರಳಿಗೆ ಹತ್ತು ಪಿಕ್ಸೆಲ್ ಮಾತ್ರ ಜಾಗವಿದ್ದರೆ ಅಂಟಿಸಿದ ಮೇಲೂ ಉಳಿಯುವುದು ಹತ್ತೇ. ಮೊದಲೇ ಹಿಗ್ಗಿಸಿಕೊಂಡರೆ ಚಿತ್ರ 2432×1664 ಆಗುತ್ತದೆ, ಅಂಕಣ 320 ಪಿಕ್ಸೆಲ್ ಆಗುತ್ತದೆ. ಕೆಟ್ಟ ಸರಳುಗಳೂ ಜೊತೆಗೆ ದೊಡ್ಡದಾಗುತ್ತವೆ, ಅದರ ಚಿಂತೆ ಬೇಡ. ಅವುಗಳ ಮೇಲೆ ನಾವು ಹೇಗೂ ಬಣ್ಣ ಬಳಿಯಲಿದ್ದೇವೆ.

ಗೆರೆ ಎಳೆಯುವುದು

ಈಗ ಚಿತ್ರವನ್ನು ಕ್ರಿತಾದಲ್ಲೋ ಜಿಂಪ್‌ನಲ್ಲೋ ತೆರೆಯಿರಿ. ಎರಡೂ ಉಚಿತ. ಹೊಸ ಪದರವೊಂದನ್ನು ಸೇರಿಸಿ, ಮೊದಲು ಅಂಕಣದ ಚೌಕಟ್ಟನ್ನು ಗುರುತಿಸಿಕೊಳ್ಳಿ: ಎಡಗಡೆಯ ಕಂಬ, ಬಲಗಡೆಯ ಕಂಬ, ಮೇಲಿನ ಅಡ್ಡಪಟ್ಟಿ, ಕೆಳಗಿನ ಅಡ್ಡಪಟ್ಟಿ. ಈ ನಾಲ್ಕೂ ಸಾಮಾನ್ಯವಾಗಿ ನೆಟ್ಟಗೇ ಬಂದಿರುತ್ತವೆ, ಏಕೆಂದರೆ ಅವು ದಪ್ಪ. ಅಡ್ಡಪಟ್ಟಿ ಬಾಗಿದ್ದರೆ ಅದನ್ನು ಮೊದಲು ನೇರ ಮಾಡಿಕೊಳ್ಳದೆ ಸರಳಿಗೆ ಕೈ ಹಾಕಬೇಡಿ.

ಓರೆಯಿಂದ ಕಾಣುವ ಅಂಕಣವನ್ನು ಸ್ಕೇಲಿನಿಂದ ಸಮನಾಗಿ ಭಾಗ ಮಾಡಿದರೆ ತಪ್ಪಾಗುತ್ತದೆ. ಹತ್ತಿರದ ಸಂದು ಅಗಲ, ದೂರದ ಸಂದು ಕಿರಿದು ಇರಬೇಕು. ಇದಕ್ಕೆ ಲೆಕ್ಕ ಹಾಕಬೇಕಾಗಿಲ್ಲ, ಕರ್ಣರೇಖೆಗಳು ಸಾಕು. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಎಳೆಯಿರಿ. ಅವು ಎಲ್ಲಿ ಕತ್ತರಿಸುತ್ತವೆಯೋ ಅದೇ ಆ ಅಂಕಣದ ನಿಜವಾದ ನಡು, ಅದು ಓರೆಯಲ್ಲಿದ್ದರೂ. ಅಲ್ಲಿ ಒಂದು ನೆಟ್ಟಗಿನ ಗೆರೆ ಹಾಕಿದರೆ ನಡುವಣ ಸರಳು ನಿಂತಂತಾಯಿತು. ಈಗ ಎರಡು ಅರ್ಧಗಳು ಉಳಿದವು. ಒಂದೊಂದರಲ್ಲೂ ಮತ್ತೆ ಕರ್ಣ, ಮತ್ತೆ ನಡು. ಮೂರನೆಯ ಸುತ್ತಿಗೆ ಏಳು ಸರಳು, ಎಂಟು ಸಂದು ಸಿಗುತ್ತವೆ. 320 ಪಿಕ್ಸೆಲ್ಲಿನ ಅಂಕಣದಲ್ಲಿ ಸರಳಿನಿಂದ ಸರಳಿಗೆ ಸರಾಸರಿ 40 ಪಿಕ್ಸೆಲ್ ಬರುತ್ತದೆ. ಅರ್ಧಿಸುತ್ತ ಹೋಗುವುದರಿಂದ ಮೂರು, ಏಳು, ಹದಿನೈದು ಹೀಗೆ ಸರಳು ಬರುತ್ತವೆ. ಕಾಲ್ಪನಿಕ ಚಿತ್ರಕ್ಕೆ ಈ ಎಣಿಕೆಗಳೇ ಅನುಕೂಲ.

ಕಂಬಸಾಲಿಗೆ ಇದೇ ಉಪಾಯದ ಇನ್ನೊಂದು ರೂಪವಿದೆ. ಎರಡು ಕಂಬ ಸರಿಯಾಗಿವೆ, ಮೂರನೆಯದು ಎಲ್ಲಿ ನಿಲ್ಲಬೇಕು ಎಂದು ತಿಳಿಯಬೇಕಿದ್ದರೆ, ಮೊದಲ ಕಂಬದ ತುದಿಯಿಂದ ಎರಡನೆಯ ಕಂಬದ ನಡುಮಟ್ಟವನ್ನು ಹಾಯ್ದು ನೆಲದ ಗೆರೆ ಸೇರುವವರೆಗೆ ಒಂದು ರೇಖೆ ಎಳೆಯಿರಿ. ಅದು ನೆಲದ ಗೆರೆಯನ್ನು ಮುಟ್ಟಿದಲ್ಲಿ ಮೂರನೆಯ ಕಂಬದ ಬುಡ. ನಡುಮಟ್ಟ ಎಂದರೆ ಕಂಬದ ಎತ್ತರದ ಅರ್ಧ.

ಗೆರೆ ಸಿಕ್ಕ ಮೇಲೆ ಬಣ್ಣ. ಇಲ್ಲಿ ತಾಳ್ಮೆ ಬೇಕು. ಮೊದಲು ಸಂದುಗಳ ಹಿಂದೆ ಏನು ಕಾಣಬೇಕೋ ಆ ಬಣ್ಣವನ್ನು ಚಿತ್ರದಿಂದಲೇ ಹೆಕ್ಕಿ ಇಡೀ ಅಂಕಣಕ್ಕೆ ಬಳಿಯಿರಿ. ನಮ್ಮ ಚಿತ್ರದಲ್ಲಿ ಅದು ಸುಣ್ಣದ ಗೋಡೆಯ ಮಾಸಿದ ಬಿಳಿ. ಅದರ ಮೇಲೆ ಗೆರೆಗಳ ಗುರುತಿನಲ್ಲಿ ಸರಳುಗಳನ್ನು ಮರದ ಬಣ್ಣದಲ್ಲಿ ಎಳೆಯಿರಿ, ಒಂದೊಂದೂ 16ರಿಂದ 18 ಪಿಕ್ಸೆಲ್ ದಪ್ಪ. ಒಂದು ತುದಿಯಲ್ಲಿ ಕ್ಲಿಕ್ ಮಾಡಿ, ಶಿಫ್ಟ್ ಒತ್ತಿ ಹಿಡಿದು ಇನ್ನೊಂದು ತುದಿಯಲ್ಲಿ ಕ್ಲಿಕ್ ಮಾಡಿದರೆ ಜಿಂಪ್‌ನಲ್ಲಿ ಕುಂಚ ನೇರ ಗೆರೆ ಎಳೆಯುತ್ತದೆ. ಬೆಳಕು ಬರುವ ಬದಿಗೆ ತಿಳಿಯಾದ ಒಂದು ಎಳೆ, ಎದುರು ಬದಿಗೆ ಗಾಢವಾದ ಒಂದು ಎಳೆ ಸೇರಿಸಿದರೆ ಸರಳು ಉರುಟಾಗಿದೆ ಎಂದು ಯಂತ್ರಕ್ಕೆ ಸುಳಿವು ಸಿಗುತ್ತದೆ. ಈ ಎರಡು ಎಳೆಗಳು ಮುಂದಿನ ಕೆಲಸವನ್ನು ಎಷ್ಟು ಹಗುರ ಮಾಡುತ್ತವೆಂದರೆ, ಅವನ್ನು ಬಿಟ್ಟು ಮುಂದೆ ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಕರ್ಣರೇಖೆಗಳ ಪದರವನ್ನು ಮರೆಮಾಡಿ ಚಿತ್ರವನ್ನು ಪಿಎನ್‌ಜಿಯಾಗಿ ಉಳಿಸಿಕೊಳ್ಳಿ.

ಮಾಸ್ಕ್ ಎಲ್ಲಿ ಶುರು, ಎಲ್ಲಿ ಕೊನೆ

ಏಳು ಸರಳಿನ ಅಂಕಣವನ್ನು ಎರಡು ತುಂಡು ಮಾಡುತ್ತೇವೆ. ಮೊದಲ ಮಾಸ್ಕ್ ಎಡಗಡೆಯ ಕಂಬದ ಅಂಚಿನಿಂದ ಶುರುವಾಗಿ ನಾಲ್ಕನೆಯ ಸರಳನ್ನು ದಾಟಿ, ಅದರಾಚೆಯ ಸಂದಿನ ನಡುವೆ ನಿಲ್ಲಬೇಕು. ಅಗಲ ಸುಮಾರು 180 ಪಿಕ್ಸೆಲ್. ಎರಡನೆಯದು ಅದೇ ಸಂದಿನಿಂದ ಬಲಗಡೆಯ ಕಂಬದವರೆಗೆ, ಮೂರು ಸರಳು. ಮಾಸ್ಕಿನ ಅಂಚು ಯಾವತ್ತೂ ಸರಳಿನ ಮೈಮೇಲೆ ಬೀಳಬಾರದು. ಬಿದ್ದರೆ ಅರ್ಧ ಸರಳು ಹಳೆಯದು, ಅರ್ಧ ಹೊಸದು ಆಗಿ, ಅದರ ನಡುವೆ ಸೀಳು ಬಿಟ್ಟಂತೆ ಕಾಣುತ್ತದೆ. ಮೇಲೆ ಕೆಳಗೆ ಅಡ್ಡಪಟ್ಟಿಗಳ ಅರ್ಧ ದಪ್ಪದವರೆಗೆ ಮಾಸ್ಕ್ ಹೋಗಲಿ. ಸರಳು ಪಟ್ಟಿಗೆ ಕೂಡುವ ಜಾಗವೂ ಹೊಸದಾಗಿ ಮೂಡಿದರೇನೇ ಕೂಡಿಕೆ ನಂಬುವಂತಿರುತ್ತದೆ.

ಈ ಮಾದರಿಗಳನ್ನು ನಡೆಸಲು ಆಟೊಮ್ಯಾಟಿಕ್1111ರ ವೆಬ್ ಯುಐ ಬಳಸುವವರಿಗೆ ಮೊದಲ ತುಂಡಿನ ಹೊಂದಿಕೆ ಹೀಗಿರುತ್ತದೆ:

```
Inpaint area: Only masked
Only masked padding, pixels: 40
Masked content: original
Mask blur: 4
Denoising strength: 0.45
Width: 1024  Height: 1024
Batch size: 4
```

ಇದರಲ್ಲಿ ಮೊದಲ ಸಾಲೇ ಎಲ್ಲಕ್ಕೂ ಆಧಾರ. `Only masked` ಆಯ್ದುಕೊಂಡಾಗ ತಂತ್ರಾಂಶ ಮಾಸ್ಕ್ ಮತ್ತು ಅದರ ಸುತ್ತಲಿನ 40 ಪಿಕ್ಸೆಲ್ ಅಂಚನ್ನು ಮಾತ್ರ ಕತ್ತರಿಸಿಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 260 ಪಿಕ್ಸೆಲ್ ಚೌಕ. ಅದನ್ನು 1024ಕ್ಕೆ, ಎಂದರೆ ಹತ್ತಿರ ಹತ್ತಿರ ನಾಲ್ಕು ಪಟ್ಟಿಗೆ ಹಿಗ್ಗಿಸಿ ಬರೆಯುತ್ತದೆ. ಸರಳಿನಿಂದ ಸರಳಿಗಿದ್ದ 40 ಪಿಕ್ಸೆಲ್ ಅಲ್ಲಿ 160ರಷ್ಟಾಗುತ್ತದೆ, ಒಳಚಿತ್ರದಲ್ಲಿ ಇಪ್ಪತ್ತು ಮನೆ. ಶುರುವಿನಲ್ಲಿ ಎರಡೂವರೆ ಇದ್ದದ್ದು ಇದು.

ಸುತ್ತಲಿನ ಅಂಚು ಸುಮ್ಮನೆ ಬಂದದ್ದಲ್ಲ. ಎರಡನೆಯ ತುಂಡನ್ನು ಮಾಡುವಾಗ, ಆಗಲೇ ಸರಿಯಾಗಿರುವ ನಾಲ್ಕನೆಯ ಸರಳು ಈ 40 ಪಿಕ್ಸೆಲ್ ಒಳಗೆ ಬರುತ್ತದೆ. ಅದರ ದಪ್ಪ, ಬಣ್ಣ, ಹೊಳಪನ್ನು ನೋಡಿಕೊಂಡೇ ಯಂತ್ರ ಉಳಿದ ಮೂರನ್ನು ಬರೆಯುತ್ತದೆ. ಅಂಚನ್ನು ಎಂಟೋ ಹತ್ತೋ ಪಿಕ್ಸೆಲ್ಲಿಗೆ ಇಳಿಸಿದರೆ ಪಕ್ಕದ ಸರಳು ಕಾಣದೆ ಎರಡು ತುಂಡುಗಳ ಮರ ಬೇರೆ ಬೇರೆ ಜಾತಿಯದಾಗುತ್ತದೆ. ಇನ್ನೂರಕ್ಕೆ ಏರಿಸಿದರೆ ಕತ್ತರಿಸಿದ ತುಂಡು ದೊಡ್ಡದಾಗಿ, ಹಿಗ್ಗಿಸಿದ ಲಾಭವೇ ಹೋಗುತ್ತದೆ.

`Masked content` ಕಡ್ಡಾಯವಾಗಿ `original` ಇರಲಿ. ಬೇರೆ ಆಯ್ಕೆಗಳು ಮಾಸ್ಕಿನೊಳಗಿನದನ್ನು ಅಳಿಸಿ ಶುರು ಮಾಡುತ್ತವೆ. ನಾವು ಎಳೆದ ಗೆರೆಗಳೂ ಅದರ ಜೊತೆ ಹೋಗುತ್ತವೆ. `Mask blur` ಅಂಚನ್ನು ಮಸುಕು ಮಾಡುವ ಅಳತೆ. ಸಂದು ಇಪ್ಪತ್ತೆರಡು ಪಿಕ್ಸೆಲ್ ಇರುವಾಗ ಅದನ್ನು ಹದಿನಾರು ಇಟ್ಟರೆ ಪಕ್ಕದ ಸರಳಿನ ಮೇಲೆ ಹೊಸದರ ಛಾಯೆ ಬಿದ್ದು ಜೋಡಿ ಸರಳು ಕಾಣುತ್ತದೆ.

ಡಿನಾಯ್ಸಿಂಗ್ ಎಂಬ ತಕ್ಕಡಿ

`Denoising strength`, ಎಂದರೆ ಇರುವುದನ್ನು ಯಂತ್ರ ಎಷ್ಟು ಬದಲಿಸಬಹುದು ಎಂಬ ಅಳತೆ, ಎಷ್ಟಿರಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಆದರೆ ನೋಡಿ ತಿಳಿಯಬಹುದು. 0.25ರ ಹತ್ತಿರ ಇಟ್ಟರೆ ನೀವು ಎಳೆದ ಗೆರೆ ಬಣ್ಣದ ಪಟ್ಟಿಯಾಗಿಯೇ ಉಳಿಯುತ್ತದೆ, ಮರವಾಗುವುದಿಲ್ಲ. 0.4ರಿಂದ 0.5ರ ನಡುವೆ ಗೆರೆ ಕದಲದೆ ಮೈಗೆ ಮರದ ಎಳೆ ಬರುತ್ತದೆ, ಅಡ್ಡಪಟ್ಟಿಯ ಕೆಳಗೆ ಸಣ್ಣ ನೆರಳು ಕೂರುತ್ತದೆ. 0.6 ದಾಟಿದರೆ ಯಂತ್ರ ತನ್ನ ಎಣಿಕೆ ಶುರು ಮಾಡುತ್ತದೆ: ನಾಲ್ಕು ಎಳೆದಲ್ಲಿ ಐದು ಬರುತ್ತವೆ. ಐದು ಬಂದ ಕೂಡಲೇ ಪ್ರಾಂಪ್ಟ್ ತಿದ್ದಲು ಹೋಗಬೇಡಿ, ಮೊದಲು ಈ ಸಂಖ್ಯೆಯನ್ನು ಇಳಿಸಿ.

ಸರಳು ಕಡೆದದ್ದಾಗಿದ್ದರೆ, ಅಂದರೆ ನಡುವೆ ಉಬ್ಬು ತಗ್ಗು ಇದ್ದರೆ, ಮರದ ಮೈ ಬರಲು ಹೆಚ್ಚಿನ ಬಲ ಬೇಕಾಗುತ್ತದೆ. ಆಗ ಎಳೆದ ಗೆರೆ ಕದಲದಂತೆ ಯಂತ್ರವನ್ನು ಹಿಡಿದಿಡುವ ಕಂಟ್ರೋಲ್‌ನೆಟ್‌ನ ಲೈನ್‌ಆರ್ಟ್ ಮಾದರಿಯನ್ನು 0.7ರ ಆಸುಪಾಸಿನ ತೂಕದಲ್ಲಿ ಜೊತೆಗೆ ಇಟ್ಟುಕೊಂಡು ಡಿನಾಯ್ಸಿಂಗನ್ನು 0.6ರವರೆಗೆ ಏರಿಸಬಹುದು. ನೇರ ಗೆರೆಗಳನ್ನಷ್ಟೇ ಗುರುತಿಸುವ ಎಂಎಲ್‌ಎಸ್‌ಡಿ ಮಾದರಿ ಕಿಟಕಿಗೆ ಒಳ್ಳೆಯದು, ಕಡೆದ ಸರಳಿಗೆ ಅಲ್ಲ.

ಪ್ರಾಂಪ್ಟಿನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಇಡೀ ಚಿತ್ರಕ್ಕೆ ಕೊಟ್ಟ ಪ್ರಾಂಪ್ಟನ್ನು ತುಂಡಿಗೂ ಕೊಟ್ಟರೆ, ಯಂತ್ರ ಆ ಪುಟ್ಟ ಚೌಕದಲ್ಲೇ ಇಡೀ ಮನೆಯನ್ನು ಹುಡುಕುತ್ತದೆ. ಸರಳುಗಳ ಸಂದಿನಲ್ಲಿ ಪುಟ್ಟ ಹೆಂಚಿನ ಮಾಡು, ಪುಟ್ಟ ಅಡಿಕೆ ಮರ ಮೂಡುವುದು ಇದರಿಂದಲೇ. ಚೌಕದಲ್ಲಿ ಏನಿದೆಯೋ ಅಷ್ಟನ್ನೇ ಬರೆಯಿರಿ:

```
dark wooden railing, straight vertical round balusters,
evenly spaced, whitewashed wall behind, soft overcast light
```

ಯಾವ ಕ್ರಮದಲ್ಲಿ

ಎಡದಿಂದ ಬಲಕ್ಕೆ ಸಾಲಾಗಿ ಹೋಗುವುದು ಸಹಜವೆನಿಸುತ್ತದೆ. ನಾನು ಅದನ್ನು ಬೇಡ ಎನ್ನುತ್ತೇನೆ. ಪ್ರತಿ ತುಂಡೂ ಹಿಂದಿನದನ್ನು ನೋಡಿ ಬರೆಯುವುದರಿಂದ ಸಣ್ಣ ವ್ಯತ್ಯಾಸ ಕೂಡುತ್ತಾ ಹೋಗಿ, ಮೂರನೆಯ ಅಂಕಣಕ್ಕೆ ಬರುವಷ್ಟರಲ್ಲಿ ಸರಳು ತೆಳ್ಳಗಾಗಿ ಬಣ್ಣ ಕೆಂಪಿಗೆ ತಿರುಗಿರುತ್ತದೆ. ಇದರ ಬದಲು ಮೂರೂ ಅಂಕಣಗಳ ಗೆರೆಯನ್ನೂ ಬಣ್ಣವನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಿ. ನಂತರ ನೋಡುಗರ ಕಣ್ಣು ಮೊದಲು ಬೀಳುವ ಅಂಕಣವನ್ನು ಇನ್‌ಪೇಂಟ್ ಮಾಡಿ. ಅದು ಮನಸ್ಸಿಗೆ ಒಪ್ಪಿದ ಮೇಲೆ ಅಲ್ಲಿಂದ ಸರಳಿನ ಬಣ್ಣವನ್ನು ಮತ್ತೆ ಹೆಕ್ಕಿ ಉಳಿದ ಅಂಕಣಗಳ ಬಣ್ಣವನ್ನು ಹೊಂದಿಸಿ, ಆಮೇಲೆ ಅವುಗಳಿಗೆ ಹೋಗಿ. ಹೀಗೆ ಮಾಡಿದರೆ ಎಲ್ಲ ತುಂಡುಗಳಿಗೂ ಮಾದರಿ ಒಂದೇ ಆಗಿರುತ್ತದೆ.

ಇದೇ ಕೆಲಸಕ್ಕೆ ಕಂಫಿಯುಐ ತಂತ್ರಾಂಶ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಸರಳವಾದ ಜೋಡಣೆಯಲ್ಲಿ ಇಡೀ ಚಿತ್ರ ಪ್ರತಿ ಸಲವೂ ಒಳಚಿತ್ರವಾಗಿ ಕುಗ್ಗಿ ಮತ್ತೆ ಹಿಗ್ಗುತ್ತದೆ. ಮಾಸ್ಕಿನ ಹೊರಗೂ ಪ್ರತಿ ಸುತ್ತಿಗೆ ಅಷ್ಟಷ್ಟು ಸೂಕ್ಷ್ಮ ವಿವರ ಸವೆಯುತ್ತದೆ. ಆರು ತುಂಡು ಮುಗಿಯುವಷ್ಟರಲ್ಲಿ ಹೆಂಚುಗಳ ಅಂಚು ಮೆತ್ತಗಾಗಿರುತ್ತದೆ. ಕೊನೆಯಲ್ಲಿ `ImageCompositeMasked` ನೋಡ್ ಹಾಕಿ, ಮಾಸ್ಕಿನ ಭಾಗವನ್ನು ಮಾತ್ರ ಮೂಲ ಚಿತ್ರದ ಮೇಲೆ ಕೂರಿಸಿಕೊಳ್ಳಿ.

ಕಂಬಸಾಲು ಮತ್ತು ಕಿಟಕಿ

ಜಗಲಿಯ ಕಂಬಗಳಿಗೆ ಜಾಗದ ಕೊರತೆ ಇರುವುದಿಲ್ಲ. ಅವುಗಳ ದೋಷ ಬೇರೆ. ಕಂಬದ ಬುಡಕ್ಕೂ ತುದಿಗೂ ಹೊಂದಿಕೆ ತಪ್ಪುತ್ತದೆ. ತೊಲೆಯ ಕೆಳಗೆ ಐದು ಬೋದಿಗೆ ಇದ್ದು ನೆಲದಲ್ಲಿ ನಾಲ್ಕೇ ಬುಡ ಇರುವ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯಲ್ಲಿ ದಪ್ಪ ಮರದ ಕಂಬಗಳ ಸಾಲಿನ ಮುಂದೆ ನಿಂತು ನೋಡಿದರೆ, ಕಂಬ, ಬೋದಿಗೆ, ತೊಲೆ ಒಂದರ ಭಾರವನ್ನು ಇನ್ನೊಂದಕ್ಕೆ ದಾಟಿಸುವ ರೀತಿ ಅರ್ಥವಾಗುತ್ತದೆ. ಆ ಸಂಬಂಧ ಚಿತ್ರದಲ್ಲಿ ಉಳಿಯಬೇಕಾದರೆ ಬುಡ ಮತ್ತು ಬೋದಿಗೆ ಎರಡೂ ಒಂದೇ ತುಂಡಿನೊಳಗೆ ಬರಬೇಕು. ಆದ್ದರಿಂದ ಕಂಬವನ್ನು ಮೇಲೆ ಕೆಳಗೆ ಎಂದು ಕತ್ತರಿಸದೆ, ಒಂದು ಕಂಬಕ್ಕೆ ಒಂದು ಉದ್ದನೆಯ ಮಾಸ್ಕ್ ಹಾಕಿ, ಅಳತೆಯನ್ನು 768×1344 ಇಟ್ಟುಕೊಳ್ಳಿ. ಎಸ್‌ಡಿಎಕ್ಸ್‌ಎಲ್‌ಗೆ ಇದು ಒಗ್ಗಿದ ಅಳತೆ.

ಕಿಟಕಿ ಇವೆಲ್ಲಕ್ಕಿಂತ ಸುಲಭ. ಒಂದು ಕಿಟಕಿಯನ್ನು ಮೇಲಿನ ರೀತಿಯಲ್ಲಿ ಸರಿಮಾಡಿ, ಜಿಂಪ್‌ನ ಪರ್ಸ್ಪೆಕ್ಟಿವ್ ಸಾಧನದಿಂದ ಅದನ್ನೇ ಉಳಿದ ಕಿಟಕಿಗಳ ಚೌಕಟ್ಟಿಗೆ ಹೊಂದಿಸಿ ಅಂಟಿಸಿ, ಒಂದೊಂದನ್ನೂ 0.3ರಷ್ಟು ಡಿನಾಯ್ಸಿಂಗ್‌ನಲ್ಲಿ ಒಮ್ಮೆ ಹಾಯಿಸಿ. ಬೆಳಕಿನ ವ್ಯತ್ಯಾಸ ತಾನೇ ಹೊಂದಿಕೊಳ್ಳುತ್ತದೆ, ಸರಳುಗಳು ಕದಲುವುದಿಲ್ಲ.

ಮುಗಿಯಿತೆಂದು ತಿಳಿಯುವುದು ಹೇಗೆ

ಮೊದಲು ಎಣಿಸಿ. ಪ್ರತಿ ಅಂಕಣದಲ್ಲೂ ಮೇಲಿನ ಪಟ್ಟಿಯ ಹತ್ತಿರ ಒಮ್ಮೆ, ಕೆಳಗಿನ ಪಟ್ಟಿಯ ಹತ್ತಿರ ಇನ್ನೊಮ್ಮೆ ಬೇರೆ ಬೇರೆಯಾಗಿ ಎಣಿಸಬೇಕು. ಕೂಡಿಹೋದ ಸರಳು ಸಿಕ್ಕಿಬೀಳುವುದು ಹೀಗೆಯೇ. ಬಿಸಿಲಿನ ಚಿತ್ರವಾದರೆ ಗೋಡೆಯ ಮೇಲಿನ ಅಥವಾ ನೆಲದ ಮೇಲಿನ ನೆರಳುಗಳನ್ನೂ ಎಣಿಸಿ. ಸರಳು ಏಳು ಮಾಡಿ ನೆರಳು ಹಳೆಯ ಒಂಬತ್ತೇ ಉಳಿದಿದ್ದರೆ, ಕಾರಣ ಹೇಳಲು ಬಾರದಿದ್ದರೂ ನೋಡುವವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ. ನೆರಳಿಗೂ ಅದೇ ಕ್ರಮ: ಗೆರೆ, ಬಣ್ಣ, ಚಿಕ್ಕ ಮಾಸ್ಕ್.

ಆಮೇಲೆ ಸಂದುಗಳ ಹಿಂದೆ ನೋಡಿ. ಕಟಾಂಜನದ ಕೊನೆಯ ಅಂಕಣದ ಆಚೆ ಅಡಿಕೆ ಮರದ ಕಾಂಡ ಕಾಣುತ್ತಿದ್ದರೆ, ಅಡ್ಡಪಟ್ಟಿಯ ಮೇಲೆ ಕಾಣುವ ಕಾಂಡವೂ ಸಂದಿನಲ್ಲಿ ಕಾಣುವ ಕಾಂಡವೂ ಒಂದೇ ನೇರದಲ್ಲಿರಬೇಕು. ತುಂಡು ತುಂಡಾಗಿ ಮಾಡಿದ ಕೆಲಸದಲ್ಲಿ ಮೊದಲು ಮುರಿಯುವುದು ಇದೇ. ಕೊನೆಗೆ ಚಿತ್ರವನ್ನು ಎಡಬಲ ತಿರುಗಿಸಿ, ಕಾಲುಭಾಗಕ್ಕೆ ಕುಗ್ಗಿಸಿ ನೋಡಿ. ಹತ್ತಿರದಿಂದ ಕಾಣದ ಬಣ್ಣದ ವ್ಯತ್ಯಾಸ, ಒಂದು ತುಂಡು ಬೆಳ್ಳಗೆ, ಪಕ್ಕದ್ದು ಕಪ್ಪಗೆ ಇರುವುದು, ಆಗ ಎದ್ದು ಕಾಣುತ್ತದೆ. ಅಂಥ ತುಂಡನ್ನು ಮತ್ತೆ ಇನ್‌ಪೇಂಟ್ ಮಾಡುವುದಕ್ಕಿಂತ ಜಿಂಪ್‌ನಲ್ಲಿ ಬಣ್ಣ ಸರಿಹೊಂದಿಸುವುದು ಬೇಗ ಆಗುತ್ತದೆ.

ಈ ಕ್ರಮಕ್ಕೆ ಎರಡು ಮಿತಿಗಳಿವೆ. ಹಿಗ್ಗಿಸಿದ ಮೇಲೂ ಸರಳಿನಿಂದ ಸರಳಿಗೆ ಐದಾರು ಪಿಕ್ಸೆಲ್ ಮಾತ್ರ ಇರುವ ದೂರದ ಮನೆಯ ಕಟಾಂಜನಕ್ಕೆ ಇಷ್ಟು ಶ್ರಮ ಬೇಡ. ಅಲ್ಲಿ ಸರಳುಗಳನ್ನು ತೆಗೆದು ಮಬ್ಬಾದ ಒಂದು ಪಟ್ಟಿಯಾಗಿ ಬಿಟ್ಟರೆ ಮಂಜಿನ ದೂರಕ್ಕೆ ಅದೇ ಒಪ್ಪುತ್ತದೆ. ಇನ್ನು ಚಿತ್ರದಲ್ಲಿರುವುದು ನಿಜವಾಗಿ ಇರುವ ಕಟ್ಟಡವಾದರೆ, ಇಕ್ಕೇರಿಯ ಅಘೋರೇಶ್ವರ ದೇವಾಲಯವೋ ಊರಿನವರೆಲ್ಲ ಬಲ್ಲ ಒಂದು ಹಳೆಯ ಮನೆಯೋ ಆಗಿದ್ದರೆ, ಅರ್ಧಿಸಿ ಸಿಗುವ ಏಳು ಸರಳಿನ ಅನುಕೂಲವನ್ನು ಬಿಟ್ಟುಬಿಡಬೇಕು. ಸ್ಥಳಕ್ಕೆ ಹೋಗಿ ತೆಗೆದ ಛಾಯಾಚಿತ್ರದಲ್ಲಿ ಎಷ್ಟು ಕಂಬ, ಎಷ್ಟು ಸರಳು ಇವೆಯೋ ಅಷ್ಟನ್ನೇ ಎಣಿಸಿ ಗೆರೆ ಎಳೆಯಬೇಕು. ಕಟ್ಟಡದ ದಾಖಲೆಯಾಗಿ ಬಳಸುವ ಛಾಯಾಚಿತ್ರಕ್ಕಂತೂ ಇನ್‌ಪೇಂಟಿಂಗ್ ಮಾಡಲೇಬಾರದು.